ಮೇಲೆ ಬಾಯಿ ತೆರೆದ ಬ್ರಾಕೆಟ್

ನಮ್ಮ ಅತ್ತಿಗೆಗೆ ಕೋಪ ಬಂದದ್ದು ಯಾರಿಗೂ ಗೊತ್ತಾಗುವುದಿಲ್ಲ. ನನಗೆ ಬಂದರೆ ಅಕ್ಕಪಕ್ಕದ ಮನೆಗೆಲ್ಲ ಗೊತ್ತಾಗುತ್ತದೆ. ಪಾತ್ರೆಗಳು ಸದ್ದು ಮಾಡುತ್ತವೆ, ಬಾಗಿಲು ಬಡಿದುಕೊಳ್ಳುತ್ತದೆ, ಬೀದಿ ನಾಯಿ ಕೂಡ ಎದ್ದು ಬೇರೆ ಕಡೆ ಹೋಗಿ ಮಲಗುತ್ತದೆ. ಅತ್ತಿಗೆಗೆ ಬಂದರೆ ಪೆನ್ಸಿಲ್ ಕೆತ್ತುತ್ತಾಳೆ. ಅದೂ ಕೆಂಪು ಪೆನ್ಸಿಲ್. ಸಣ್ಣ ಬ್ಲೇಡಿನಲ್ಲಿ, ಸಿಪ್ಪೆ ಒಂದೇ ಸುರುಳಿಯಾಗಿ ಬೀಳುವ ಹಾಗೆ, ನಿಧಾನವಾಗಿ. ಅದನ್ನು ನೋಡಿದಾಗಲೆಲ್ಲ ಯಾರಿಗೋ ಗ್ರಹಚಾರ ಕಾದಿದೆ ಎಂದು ನಾನು ಒಳಗೊಳಗೇ ಖುಷಿಪಡುತ್ತೇನೆ. ಸುಳ್ಳು ಯಾಕೆ ಹೇಳಲಿ, ಕ್ಷಮಿಸಿ ದೊಡ್ಡವರಾಗುವ ಜಾತಿ ನಮ್ಮದಲ್ಲ.

ನಾವಿಬ್ಬರೂ ಕೆಲಸ ಮಾಡುವುದು ಒಂದೇ ಕಚೇರಿಯಲ್ಲಿ. ಊರಲ್ಲಿ ಯಾರೇ ಗೋಡೆಗೆ ಏನನ್ನಾದರೂ ತಗುಲಿಸಬೇಕಾದರೆ, ಅದು ನೀರಿನ ಟ್ಯಾಂಕಿರಲಿ, ಜಾಹೀರಾತಿನ ಚೌಕಟ್ಟಿರಲಿ, ಸಾಮಾನು ಎತ್ತುವ ಬೀಮ್ ಇರಲಿ, ಅದರ ಲೆಕ್ಕ ನಮ್ಮ ಕಚೇರಿಗೆ ಬರಬೇಕು. ಲೆಕ್ಕ ಸರಿಯಿದೆ ಎಂದು ಮುದ್ರೆ ಬೀಳುವ ತನಕ ಅದರ ಮೇಲೆ ಭಾರ ಹೇರುವಂತಿಲ್ಲ. ನಾನು ಟಪಾಲು ವಿಭಾಗದವಳು. ಫೈಲು ತೆಗೆದುಕೊಳ್ಳುವುದು, ನಂಬರು ಹಾಕುವುದು, ಕಳಿಸುವುದು. ಅತ್ತಿಗೆ ಒಳಗಿನ ಕೋಣೆಯಲ್ಲಿ ಲೆಕ್ಕ ತಪಾಸಣೆ ಮಾಡುವ ಎಂಜಿನಿಯರು. ಕಿಟಕಿ ಪಕ್ಕದ ಮೇಜು ಅವಳದು. ಕಾಲಿಗೆ ತಾಗುವ ಹಾಗೆ ಹಳೆಯ ಕೇಬಲ್ ತುಂಡುಗಳ ಒಂದು ಡಬ್ಬ ಇಟ್ಟುಕೊಂಡಿದ್ದಾಳೆ. ಯಾರಾದರೂ ಡಿಸೈನರು ಬಾಯಿಗೆ ಬಂದ ದಪ್ಪ ಹೇಳಿದರೆ ಡಬ್ಬದಿಂದ ಆ ತುಂಡನ್ನೇ ತೆಗೆದು ಅವರ ಮುಂದಿಡುತ್ತಾಳೆ.

ನಮ್ಮ ಕಚೇರಿಯಲ್ಲಿ ಒಂದು ಪದ್ಧತಿ ಇದೆ. ಲೆಕ್ಕದಲ್ಲಿ ಸಂದೇಹ ಬಂದರೆ ತಪಾಸಣೆಯವರು ಕೆಂಪು ಪೆನ್ಸಿಲಿನಲ್ಲಿ ಒಂದು ಪ್ರಶ್ನೆ ಬರೆದು ವಾಪಸು ಕಳಿಸುತ್ತಾರೆ. ಉತ್ತರ ಬರುತ್ತದೆ. ಇನ್ನೂ ಸಂದೇಹ ಉಳಿದರೆ ಇನ್ನೊಂದು ಪ್ರಶ್ನೆ. ಮೂರನೆಯ ಪ್ರಶ್ನೆಗೆ ಕಾಗದದ ಉತ್ತರ ನಡೆಯುವುದಿಲ್ಲ. ಡಿಸೈನರು ತಾನೇ ಬಂದು, ಎಲ್ಲ ತಪಾಸಣೆಯವರ ಎದುರು, ಬೋರ್ಡಿನ ಮೇಲೆ ಆ ಲೆಕ್ಕವನ್ನು ಮೊದಲಿಂದ ಬಿಡಿಸಿ ತೋರಿಸಬೇಕು. ಹೆಚ್ಚಿನವರು ಅಲ್ಲಿಯವರೆಗೆ ಬರದ ಹಾಗೆ ನೋಡಿಕೊಳ್ಳುತ್ತಾರೆ. ಬೋರ್ಡಿಗೆ ಕರೆಸಿಕೊಂಡವರ ಮಾತು ಊರೆಲ್ಲ ಹರಿದಾಡುತ್ತದೆ.

ಈಗ ಅಣ್ಣನ ವಿಷಯ. ಹೇಳದೆ ವಿಧಿಯಿಲ್ಲ.

ಅಣ್ಣ ಬಟ್ಟೆ ಗೋದಾಮೊಂದರಲ್ಲಿ ಫಿಟ್ಟರ್ ಆಗಿದ್ದ. ಗೋದಾಮಿನ ಮಹಡಿಗೆ ಹೊರಗಿನಿಂದ ಒಂದು ದೊಡ್ಡ ಬಾಗಿಲು, ಅದರ ಪಕ್ಕ ಗೋಡೆಯಿಂದ ಮುಂದಕ್ಕೆ ಚಾಚಿದ ಒಂದು ಕಬ್ಬಿಣದ ಬೀಮ್. ಬೀಮಿನ ಗೋಡೆ ಕಡೆಯ ತುದಿಗೆ ಅಡ್ಡವಾಗಿದ್ದ ಪಿನ್ನು ಗೋಡೆಯ ಬ್ರಾಕೆಟ್ಟಿನಲ್ಲಿ ಕೂತಿತ್ತು, ಅದೇ ಕೀಲು. ಹೊರಗಿನ ತುದಿಯಲ್ಲಿ ಭಾರ ಎತ್ತುವ ಸರಪಳಿಯ ಚೈನ್ ಬ್ಲಾಕ್. ಬೀಮ್ ಕೆಳಗೆ ಬಾಗದಂತೆ ಮೇಲಿನ ಗೋಡೆಯಿಂದ ಓರೆಯಾಗಿ ಒಂದು ಉಕ್ಕಿನ ಕೇಬಲ್. ಬಟ್ಟೆಯ ದೊಡ್ಡ ಮೂಟೆಗಳಾದ ಬೇಲ್‌ಗಳನ್ನು ಕೆಳಗಿನಿಂದ ಎತ್ತಿ ಮಹಡಿಗೆ ತೆಗೆದುಕೊಳ್ಳುತ್ತಿದ್ದರು. ಒಂದು ದಿನ ಅಣ್ಣ ಕೆಳಗೆ ನಿಂತು ಬೇಲ್ ತಿರುಗದಂತೆ ಹಗ್ಗ ಹಿಡಿದಿದ್ದ. ಬೀಮ್ ಕೀಲಿನಿಂದ ಕಳಚಿಕೊಂಡು, ತುದಿ ಕೆಳಗಾಗಿ, ಬೇಲ್ ಸಮೇತ ಅವನ ಮೇಲೆ ಬಂತು.

ಆ ಬೀಮಿನ ಡಿಸೈನ್ ಮಾಡಿದವನೇ ಅಪಘಾತದ ವರದಿಯನ್ನೂ ಬರೆದ. ಕಳ್ಳನ ಕೈಗೇ ಪಂಚಾಯ್ತಿ ಕೊಟ್ಟ ಹಾಗಾಯಿತು, ಆದರೆ ಆಗ ನಮಗೆ ಅಷ್ಟು ತಿಳಿಯಲಿಲ್ಲ. ಅವನಿಗೆ ನಾನು ಇಟ್ಟ ಹೆಸರು ಇಸ್ತ್ರಿ. ಮೈಮೇಲಿನ ಅಂಗಿಯಲ್ಲಿ ಒಂದು ಸುಕ್ಕು ಇರುತ್ತಿರಲಿಲ್ಲ, ಮಾತಿನಲ್ಲೂ ಇರುತ್ತಿರಲಿಲ್ಲ. ಅವನು ಸಾವಿನ ಮನೆಗೆ ಬಂದ, ಅಮ್ಮನ ಎದುರು ಕುರ್ಚಿ ಎಳೆದುಕೊಂಡು ಕೂತ, ಚಹಾ ಕುಡಿದ.

"ಅಮ್ಮಾ, ನಿಮ್ಮ ಮಗ ಒಳ್ಳೇ ಕೆಲಸಗಾರ. ಆದ್ರೆ ಅವತ್ತು ಆತುರಪಟ್ಟುಬಿಟ್ಟ. ಹಾಕಬಾರದಷ್ಟು ಭಾರ ಹಾಕಿದ. ಏನ್ ಮಾಡೋದು ಹೇಳಿ" ಎಂದ.

ಅಮ್ಮ ಬಟ್ಟೆ ಹೊಲಿಯುವವಳು. ಅಳತೆ ತಪ್ಪುವುದು, ಆತುರಪಡುವುದು, ಈ ಎರಡನ್ನು ಅವಳು ಹೊಟ್ಟೆಗೆ ಹಾಕಿಕೊಂಡವಳೇ ಅಲ್ಲ. ಇಸ್ತ್ರಿಯ ಮಾತು ಅವಳಿಗೆ ಸೂಜಿಯ ಹಾಗೆ ಸರಿಯಾದ ಜಾಗದಲ್ಲೇ ಇಳಿಯಿತು. ಅವತ್ತಿನಿಂದ ಅವಳು ಮಗನಿಗಾಗಿ ಅತ್ತದ್ದಕ್ಕಿಂತ ಬೈದದ್ದೇ ಹೆಚ್ಚು. ಫೋಟೋ ಒರೆಸುವಾಗಲೂ ಬೈಯುತ್ತಿದ್ದಳು. "ಆತುರಗೇಡಿ. ಹೇಳಿದ್ ಕೇಳ್ತಿದ್ನಾ ಯಾವತ್ತಾದ್ರೂ? ತಾನೇ ಹೋಗಿ ತಲೆ ಕೊಟ್ಟ." ಅಣ್ಣ ಆತುರದವನಾಗಿರಲಿಲ್ಲ. ಚಪ್ಪಲಿ ಹಾಕಿಕೊಳ್ಳಲು ಅವನು ತೆಗೆದುಕೊಳ್ಳುತ್ತಿದ್ದ ಸಮಯದಲ್ಲಿ ನಾನು ಸ್ನಾನ ಮುಗಿಸಿ ಬರುತ್ತಿದ್ದೆ. ಸತ್ತವನಿಗೆ ತಾಯಿಯ ಬೈಗುಳದಿಂದಲೂ ಬಿಡುಗಡೆ ಇಲ್ಲದ ಹಾಗೆ ಮಾಡಿದ್ದು ಆ ಇಸ್ತ್ರಿ. ನನ್ನ ಹೊಟ್ಟೆ ಉರಿಯುವುದು ಅದಕ್ಕೆ.

ಅಣ್ಣನ ಬುತ್ತಿ ಡಬ್ಬ, ಬಟ್ಟೆ ತರಲು ಅತ್ತಿಗೆ ನನ್ನನ್ನು ಕರೆದುಕೊಂಡು ಗೋದಾಮಿಗೆ ಹೋದಳು. ಬೀಮನ್ನು ಆಗಿನ್ನೂ ಇಳಿಸಿರಲಿಲ್ಲ. ಅದು ಕೇಬಲ್ಲಿನಿಂದ ತಲೆಕೆಳಗಾಗಿ ನೇತಾಡುತ್ತಿತ್ತು. ನಾನು ಅತ್ತ ನೋಡಲಾರದೆ ಗೋಡೆಗೆ ಮುಖ ಮಾಡಿ ನಿಂತೆ. ಅತ್ತಿಗೆ ಮಾತ್ರ ತಲೆ ಎತ್ತಿ ನೋಡುತ್ತಲೇ ಇದ್ದಳು. ಆಮೇಲೆ ಮಹಡಿಗೆ ಹೋಗಿ ಬಾಗಿಲಿನಿಂದ ಬಗ್ಗಿ, ಗೋಡೆಯ ಮೇಲಿದ್ದ ಬ್ರಾಕೆಟ್ಟಿಗೆ ಕೈ ಹಾಕಿ ಬೆರಳಿನಲ್ಲಿ ಸವರಿದಳು. ಕೆಳಗೆ ಬಂದವಳು ಹೇಳಿದ್ದು ಒಂದೇ ಮಾತು.

"ಏನೂ ಮುರಿದಿಲ್ಲ ಕಣೇ."

ನನಗೆ ಸಿಟ್ಟೇ ಬಂತು. ಮನೆಯೇ ಮುರಿದು ಬಿದ್ದಿದೆ, ಇವಳು ಏನೂ ಮುರಿದಿಲ್ಲ ಎನ್ನುತ್ತಾಳಲ್ಲ ಎಂದು. ಮನೆಗೆ ಬಂದ ಮೇಲೆ ಬಿಡಿಸಿ ಹೇಳಿದಳು. ಭಾರ ಹೆಚ್ಚಾಗಿದ್ದರೆ ಏನಾದರೂ ಸೋಲಬೇಕಿತ್ತು. ಕೇಬಲ್ ತುಂಡಾಗಬೇಕು, ಇಲ್ಲ ಪಿನ್ನು ಬಾಗಬೇಕು, ಇಲ್ಲ ಬ್ರಾಕೆಟ್ ಗೋಡೆಯಿಂದ ಕಿತ್ತು ಬರಬೇಕು. ಕೇಬಲ್ ನೆಟ್ಟಗಿದೆ, ಪಿನ್ನು ನೆಟ್ಟಗಿದೆ, ಬ್ರಾಕೆಟ್ ಅಲ್ಲೇ ಇದೆ. ಹಾಗಾದರೆ ಬೀಮ್ ಮುರಿದು ಬಿದ್ದದ್ದಲ್ಲ, ಎದ್ದು ಹೊರಗೆ ಬಂದದ್ದು.

ಅಮ್ಮ ಬಟ್ಟೆ ಕತ್ತರಿಸುವ ಮೇಜಿನ ಹಿಂದಿನ ಹಲಗೆಗೆ ಅತ್ತಿಗೆ ಎರಡು ಚಿಕ್ಕ ಕೊಕ್ಕೆ ಹೊಡೆದಳು, ಬಾಯಿ ಮೇಲೆ ಮಾಡಿ. ಅಮ್ಮನ ಮರದ ಅಳತೆಪಟ್ಟಿಯ ಒಂದು ತುದಿಗೆ ಅಡ್ಡವಾಗಿ ದಬ್ಬಳ ಕಟ್ಟಿ, ದಬ್ಬಳವನ್ನು ಆ ಕೊಕ್ಕೆಗಳಲ್ಲಿ ಕೂರಿಸಿದಳು. ಪಟ್ಟಿಯ ಹೊರತುದಿಗೆ ದಾರ ಕಟ್ಟಿ, ಮೇಲೆ ಒಂದು ಮೊಳೆಗೆ ಬಿಗಿದಳು. ಪಟ್ಟಿ ಗೋಡೆಯ ಬದಲಿಗಿದ್ದ ಆ ಹಲಗೆಯಿಂದ ನೆಟ್ಟಗೆ ಚಾಚಿ ನಿಂತಿತು. ತುದಿಗೆ ಕತ್ತರಿ ನೇತುಹಾಕಿದಳು. ಅಲುಗಲಿಲ್ಲ.

"ಇದು ಮೊದಲು ಮಾಡಿದ್ದ ಡಿಸೈನು. ಪಟ್ಟಿಯ ಸ್ವಂತ ಭಾರ ಮಧ್ಯದಲ್ಲಿ, ಯಾಕಂದ್ರೆ ಉದ್ದಕ್ಕೂ ಒಂದೇ ಸಮ ಇದೆ. ಆ ಭಾರದಲ್ಲಿ ಅರ್ಧ ದಾರ ಹೊರುತ್ತೆ, ಅರ್ಧ ಈ ಕೊಕ್ಕೆ ಹೊರುತ್ತೆ. ಕತ್ತರಿ ಭಾರ ಪೂರ್ತಿ ದಾರದ್ದು. ದಾರ ಓರೆಯಾಗಿದ್ಯಲ್ಲ, ಅದು ಪಟ್ಟೀನ ಗೋಡೆ ಕಡೆ ಒತ್ತುತ್ತೆ. ಕೊಕ್ಕೆ ಮೇಲೆ ಪಟ್ಟಿ ಕೂತಿರುತ್ತೆ. ಬಾಯಿ ಮೇಲಿದ್ರೂ ಏನೂ ಆಗಲ್ಲ."

ಆಮೇಲೆ ದಾರವನ್ನು ತುದಿಯಿಂದ ಬಿಚ್ಚಿ ಪಟ್ಟಿಯ ಮಧ್ಯಕ್ಕೆ ಕಟ್ಟಿದಳು. ಗೋದಾಮಿನಲ್ಲಿ ಹಾಗೆಯೇ ಆಗಿತ್ತಂತೆ. ತುದಿಗೆ ಹೋಗುವ ಕೇಬಲ್ ಗೋದಾಮಿನ ಹೆಸರಿನ ಬೋರ್ಡಿಗೆ ಅಡ್ಡ ಬರುತ್ತದೆ ಎಂದು ಮಾಲೀಕ ಗೊಣಗಿದ. ಮುದ್ರೆ ಬಿದ್ದ ಮೇಲೆ ಇಸ್ತ್ರಿ ಅದನ್ನು ಮಧ್ಯಕ್ಕೆ ಸರಿಸಿಕೊಟ್ಟ. ಬ್ರಾಕೆಟ್ ಮಾತ್ರ ಹಳೆಯದೇ ಉಳಿಯಿತು, ಬೀಮನ್ನು ಬೇಕಾದಾಗ ಎತ್ತಿ ತೆಗೆಯಲಿಕ್ಕೆ ಸುಲಭ ಎಂದು ಮೇಲೆ ಬಾಯಿ ತೆರೆದಿದ್ದ ಅದೇ ಬ್ರಾಕೆಟ್. ಅತ್ತಿಗೆ ಪಟ್ಟಿಯ ತುದಿಗೆ ಕತ್ತರಿ ತಗುಲಿಸಿದಳು. ಗೋಡೆ ಕಡೆಯ ತುದಿ ಟಣ್ಣೆಂದು ಕೊಕ್ಕೆಯಿಂದ ಮೇಲೆ ಹಾರಿತು. ಕತ್ತರಿ ನೆಲಕ್ಕೆ ಬಿತ್ತು, ಪಟ್ಟಿ ದಾರದಲ್ಲಿ ತಲೆಕೆಳಗಾಗಿ ನೇತಾಡಿತು. ಗೋದಾಮಿನಲ್ಲಿ ನಾನು ಯಾವುದಕ್ಕೆ ಬೆನ್ನು ಮಾಡಿ ನಿಂತಿದ್ದೆನೋ ಅದೇ.

"ಹಾಗಾದ್ರೆ ಇಷ್ಟು ದಿನ ಯಾಕೆ ಬೀಳಲಿಲ್ಲ?" ಎಂದೆ.

"ಬಣ್ಣ, ತುಕ್ಕು ಎರಡೂ ಸೇರಿ ಪಿನ್ನನ್ನ ಹಿಡ್ಕೊಂಡಿದ್ವು. ಕೀಲು ಕಿರುಗುಟ್ಟುತ್ತೆ ಅಂತ ನಿಮ್ಮಣ್ಣ ಆ ವಾರ ಅದನ್ನ ಉಜ್ಜಿ ಗ್ರೀಸ್ ಹಚ್ಚಿದ. ಅವನು ಕೆಲಸ ಸರಿಯಾಗಿ ಮಾಡಿದ. ಅಷ್ಟೇ ಅವನ ತಪ್ಪು."

ಅಮ್ಮ ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದಳು. ಬಂದು ಕತ್ತರಿಯನ್ನು ನೆಲದಿಂದ ಎತ್ತಿಕೊಂಡಳು. "ನನ್ನ ಕತ್ತರಿ ಮೊನೆ ಹೋಯ್ತು" ಎಂದಳು. ಆಮೇಲೆ ಅತ್ತಿಗೆಯ ಕಡೆ ತಿರುಗಿದಳು. "ನೀನು ಅವನ ಹೆಂಡ್ತಿ. ನೀನು ಹೇಳೋದು ಹಾಗೇನೇ. ತಪ್ಪು ಅವನದ್ದೇ ಅಂತ ಹೇಳಿದೋರು ಅದನ್ನ ಕಟ್ಟಿದೋರು. ಅವ್ರಿಗಿಂತ ನಿಂಗೆ ಜಾಸ್ತಿ ಗೊತ್ತಾ?" ಕೊಕ್ಕೆಗಳನ್ನು ಕೀಳಲು ಹೋದಳು, ಬರಲಿಲ್ಲ, ಬಿಟ್ಟಳು. ಅವು ಈಗಲೂ ಹಲಗೆಯಲ್ಲಿವೆ.

ಅವತ್ತು ಅತ್ತಿಗೆ ಅಳಲಿಲ್ಲ. ಅಡುಗೆಮನೆಯಲ್ಲಿ ನನ್ನ ಪಕ್ಕ ಕೂತು, "ಹೇಳಿದವನ ಬಾಯಲ್ಲೇ ಬರಬೇಕು" ಎಂದಳು. ಮದುವೆಯಾದ ಮೇಲೆ ಬಿಟ್ಟಿದ್ದ ಎಂಜಿನಿಯರಿಂಗ್ ಕೆಲಸಕ್ಕೆ ಮತ್ತೆ ಅರ್ಜಿ ಹಾಕಿದಳು, ಅದೂ ನಮ್ಮ ಕಚೇರಿಗೇ. ಸಂಬಳ ಹೆಚ್ಚಿದ್ದ ಎರಡು ಕಡೆ ಕರೆದರೂ ಹೋಗಲಿಲ್ಲ. ಯಾಕೆ ಎಂದು ನಾನು ಕೇಳಲಿಲ್ಲ. ಊರಿನ ಎಲ್ಲ ಬೀಮುಗಳೂ ಒಂದಲ್ಲ ಒಂದು ದಿನ ಆ ಕಿಟಕಿ ಪಕ್ಕದ ಮೇಜಿನ ಮೇಲೆ ಬಂದೇ ಬರುತ್ತವೆ.

ವರ್ಷಗಳು ಕಳೆದವು. ಇಸ್ತ್ರಿ ದೊಡ್ಡ ಮನುಷ್ಯನಾದ. ಅವನ ಫೈಲುಗಳು ಬರುತ್ತಿದ್ದವು. ಬಂದ ಪ್ರತಿ ಸಲ ನಾನು ಅವುಗಳ ಮೇಲೆ ಮುದ್ರೆಯನ್ನು ಬೇಕಾದ್ದಕ್ಕಿಂತ ಜೋರಾಗಿ ಗುದ್ದುತ್ತಿದ್ದೆ. ಅತ್ತಿಗೆ ಅವನ್ನೆಲ್ಲ ನೋಡಿ, ಸರಿಯಿದ್ದರೆ ಸರಿ ಎಂದು ಬರೆದು ಕಳಿಸುತ್ತಿದ್ದಳು. ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು. "ಏನಾದ್ರೂ ಕೊಕ್ಕೆ ಹಾಕು ಅತ್ತಿಗೆ" ಎಂದರೆ, "ಸರಿ ಇರೋದನ್ನ ತಪ್ಪು ಅಂದ್ರೆ ನಾನೂ ಅವನೂ ಒಂದೇ" ಎನ್ನುತ್ತಿದ್ದಳು.

ಹಾಗಿರುವಾಗ ಒಂದು ದಿನ ಮಧ್ಯಾಹ್ನ ನಾನು ಅವಳ ಮೇಜಿನ ಹತ್ತಿರ ಹೋದಾಗ ಕೆಂಪು ಪೆನ್ಸಿಲಿನ ಸಿಪ್ಪೆ ಸುರುಳಿ ಸುರುಳಿಯಾಗಿ ಬಿದ್ದಿತ್ತು. ಒಂದು ಆಸ್ಪತ್ರೆಯ ಉಗ್ರಾಣಕ್ಕೆ ಸಾಮಾನು ಎತ್ತುವ ಬೀಮ್. ಡಿಸೈನ್ ಇಸ್ತ್ರಿಯದು. ಕಿಟಕಿಗೆ ಅಡ್ಡ ಬರಬಾರದು ಎಂದು ಕೇಬಲ್ ಮಧ್ಯಕ್ಕೆ ಕಟ್ಟಿದ್ದ. ಬ್ರಾಕೆಟ್ಟಿನ ಬಾಯಿ ಮೇಲಕ್ಕೆ.

"ಅದೇ?" ಎಂದೆ.

"ಅದೇ."

ನಾನು ಕುಣಿಯುವುದೊಂದು ಬಾಕಿ. ಆದರೆ ಅವಳು ಕೆಂಪು ಪೆನ್ಸಿಲಿನಲ್ಲಿ ಬರೆದದ್ದು ಬ್ರಾಕೆಟ್ಟಿನ ಬಗ್ಗೆ ಅಲ್ಲವೇ ಅಲ್ಲ. ಕೇಬಲ್ಲಿನ ಎಳೆತ ಎಷ್ಟು, ಹೇಗೆ ಬಂತು, ಬಿಡಿಸಿ ತೋರಿಸಿ ಎಂದಷ್ಟೇ ಕೇಳಿದ್ದಳು. ಅವನು ಎರಡು ಸಾಲಿನ ಉತ್ತರ ಕಳಿಸಿದ. ಎರಡನೆಯ ಸಲ, ಕೀಲಿನ ಮೇಲಿನ ಬಲದ ಅಡ್ಡ ಭಾಗ ಎಷ್ಟು, ಮೇಲೆ-ಕೆಳಗಿನ ಭಾಗ ಎಷ್ಟು, ಬೇರೆ ಬೇರೆ ಬರೆಯಿರಿ ಎಂದು ಕೇಳಿದಳು. ಅವನು ಎರಡನ್ನೂ ಕೂಡಿಸಿ ಒಟ್ಟು ಒಂದೇ ಅಂಕಿ ಕೊಟ್ಟು, ಪಿನ್ನು ಇದರ ಹತ್ತು ಪಟ್ಟು ತಡೆಯುತ್ತದೆ ಎಂದು ದರ್ಪದಲ್ಲಿ ಬರೆದ.

"ಬೇರೆ ಬೇರೆ ಅಂದ್ರೆ ಒಟ್ಟು ಕೊಟ್ಟಿದ್ದಾನೆ. ಸೀದಾ ತಪ್ಪು ತೋರಿಸಬಾರದಾ?" ಎಂದು ಕೇಳಿದೆ.

"ತೋರಿಸಿದ್ರೆ ರಾತ್ರೋರಾತ್ರಿ ಸರಿ ಮಾಡಿ ಕಳಿಸ್ತಾನೆ. ಅವನ ತಪ್ಪು ಅವನ ಬೀರುವಿನಲ್ಲೇ ಉಳಿಯುತ್ತೆ. ಕೇಳಿದ್ದಕ್ಕೆ ಉತ್ತರ ಕೊಡೋ ಅವಕಾಶ ಎರಡು ಸಲ ಕೊಟ್ಟೆ. ಕೊಡಲಿಲ್ಲ. ಈಗ ಬೋರ್ಡಿಗೆ ಬರಲಿ."

ಮೂರನೆಯ ಪ್ರಶ್ನೆಯ ಫೈಲನ್ನು ನಾನೇ ಕಳಿಸಿದೆ. ಆದರೆ ಅಷ್ಟರಲ್ಲಿ ಆಸ್ಪತ್ರೆಯಿಂದ ಒಂದು ಕಾಗದ ಬಂತು: ಬೀಮ್ ಆಗಲೇ ಕಟ್ಟಿ ಆಗಿದೆ, ಸಿಲಿಂಡರ್‌ಗಳು ಬಂದು ಬಿದ್ದಿವೆ, ಮುದ್ರೆ ಬೇಗ ಕೊಡಿ ಎಂದು. ಅದನ್ನು ಓದಿ ನನ್ನ ತಲೆಗೆ ಏನೋ ಏರಿತು. ಅತ್ತಿಗೆಯ ಮುಂದೆ ಕಾಗದ ಇಟ್ಟು ಹೇಳಿಯೇಬಿಟ್ಟೆ.

"ಎತ್ತಲಿ ಬಿಡು ಅತ್ತಿಗೆ. ನೀನು ಮುದ್ರೆ ಕೊಟ್ಟಿಲ್ಲ, ನಿನ್ನ ಮೇಲೆ ಬರಲ್ಲ. ಬೀಳಲಿ. ಅವನ ಮರ್ಯಾದೆ ಪೂರ್ತಿ ಮಣ್ಣುಪಾಲಾಗ್ಲಿ. ಜೈಲಿಗೆ ಹೋಗ್ಲಿ."

ಅತ್ತಿಗೆ ಕಾಗದದಿಂದ ತಲೆ ಎತ್ತಿ ನನ್ನನ್ನು ನೋಡಿದಳು.

"ಕೆಳಗೆ ಹಗ್ಗ ಹಿಡ್ಕೊಂಡು ನಿಲ್ಲೋದು ಅವನಾ?"

ಕೊಡೆ ತೆಗೆದುಕೊಂಡಳು, ನನ್ನ ಮೇಜಿನ ಖಾನೆಯಿಂದ ಟಪಾಲು ಪೆಟ್ಟಿಗೆಯ ದೊಡ್ಡ ಬೀಗ ತೆಗೆದುಕೊಂಡಳು, ಹೊರಟಳು. ನಾನು ಹಿಂದೆ ಓಡಿದೆ. ಆಸ್ಪತ್ರೆಯ ಹಿಂಬದಿಯಲ್ಲಿ ಬೀಮ್ ಹೊಸ ಬಣ್ಣ ಹೊಡೆಸಿಕೊಂಡು ನಿಂತಿತ್ತು. ಕೆಳಗೆ ಇಬ್ಬರು ಆಳುಗಳು ಸಿಲಿಂಡರಿಗೆ ಪಟ್ಟಿ ಬಿಗಿಯುತ್ತಿದ್ದರು. ಒಬ್ಬನು ಅಣ್ಣನ ಹಾಗೆಯೇ ನಿಧಾನದವನು. ಗಂಟು ಹಾಕಿ, ಬಿಚ್ಚಿ, ಮತ್ತೆ ಹಾಕುತ್ತಿದ್ದ. ಅತ್ತಿಗೆ ಏನೂ ವಿವರಿಸದೆ ಚೈನ್ ಬ್ಲಾಕಿನ ಸರಪಳಿಯನ್ನು ಗೋಡೆಯ ಬಳೆಗೆ ಸುತ್ತಿ ಬೀಗ ಹಾಕಿದಳು. ಉಗ್ರಾಣದವರು ಕೂಗುತ್ತಾ ಬಂದರು.

"ಯಾರಮ್ಮಾ ನೀವು? ಯಾರು ಹೇಳಿದ್ರು ಬೀಗ ಹಾಕೋಕೆ?"

"ಮುದ್ರೆ ಕೊಡೋಳು ನಾನು. ಮುದ್ರೆ ಬರೋ ತನಕ ಬೀಗದ ಕೈ ನನ್ನ ಹತ್ರ ಇರುತ್ತೆ. ಸಿಲಿಂಡರ್ ಮೆಟ್ಟಿಲ ಮೇಲೆ ಹೊರಿಸಿ."

ವಾಪಸು ಬರುವಾಗ ಅವಳು ಕೊಡೆ ಬಿಚ್ಚಿ ನನ್ನ ಕೈಗೆ ಕೊಟ್ಟಳು. ನಾನು ಹಿಡಿದುಕೊಂಡೆ. ಸೇಡು ಎಂದರೆ ಏನು ಎಂದು ನನಗೆ ಗೊತ್ತಿದೆ ಅಂದುಕೊಂಡಿದ್ದೆ. ನನ್ನದು ಬರೀ ಹಲ್ಲು ಕಡಿಯುವ ಸೇಡು. ಅವಳದು ಬೀಗ ಹಾಕಿ, ಬೀಗದ ಕೈ ಜೋಪಾನವಾಗಿಟ್ಟುಕೊಂಡು ಕಾಯುವ ಸೇಡು.

ಇಸ್ತ್ರಿ ಬೋರ್ಡಿಗೆ ಬಂದ ದಿನ ನಾನು ಫೈಲು ಕೊಡುವ ನೆಪದಲ್ಲಿ ಒಳಗೆ ಹೋದವಳು ಅಲ್ಲೇ ಗೋಡೆಗೆ ಆತು ನಿಂತೆ. ಕೂದಲು ನೆರೆತಿತ್ತು, ಅಂಗಿ ಮಾತ್ರ ಹಿಂದಿನ ಹಾಗೆಯೇ ಗರಿಗರಿ. ದೊಡ್ಡ ಸಾಹೇಬರು, ಉಳಿದ ತಪಾಸಣೆಯವರು ಕೂತಿದ್ದರು. ಅತ್ತಿಗೆಯನ್ನು ಅವನು ಗುರುತಿಸಲಿಲ್ಲ. ಸಾವಿನ ಮನೆಯಲ್ಲಿ ಅವಳು ಮೂಲೆಯಲ್ಲಿ ಕೂತಿದ್ದ ಒಬ್ಬ ವಿಧವೆ. ಚಹಾದ ಲೋಟ ನೋಡಿದಷ್ಟೂ ಅವನು ಅವಳನ್ನು ನೋಡಿರಲಿಲ್ಲ.

"ಮೊದಲನೇ ವರ್ಷದ ಹುಡುಗರು ಮಾಡೋ ಲೆಕ್ಕಕ್ಕೆ ನನ್ನನ್ನ ಇಲ್ಲಿಯವರೆಗೆ ಕರೆಸಿದ್ದೀರಿ" ಎಂದು ನಕ್ಕು ಚಾಕ್ ಹಿಡಿದ.

"ಹುಡುಗರು ಮಾಡೋ ಹಾಗೇ ಮಾಡಿ ಸಾರ್, ಒಂದೂ ಹಂತ ಬಿಡದೆ" ಎಂದಳು ಅತ್ತಿಗೆ.

ಅವನು ಚಿತ್ರ ಬರೆದ. ಬೀಮ್ ನಾಲ್ಕು ಮೀಟರ್, ಉದ್ದಕ್ಕೂ ಒಂದೇ ಸಮ, ಭಾರ ಎಂಬತ್ತು ಕಿಲೋ, ಅದು ಮಧ್ಯದಲ್ಲಿ. ತುದಿಯಲ್ಲಿ ಚೈನ್ ಬ್ಲಾಕೂ ಸಾಮಾನೂ ಸೇರಿ ಅರವತ್ತು. ಕೇಬಲ್ ಬೀಮಿನ ಮಧ್ಯದಿಂದ ಗೋಡೆಗೆ, ನಲವತ್ತೈದು ಡಿಗ್ರಿ ಓರೆ. ಕೀಲಿನ ಸುತ್ತ ತಿರುಗಿಸುವ ಬಲ ಲೆಕ್ಕ ಹಾಕಿದ. ಹಾಗೆ ಮಾಡಿದರೆ ಕೀಲಿನ ಬಲಗಳು ಲೆಕ್ಕದಿಂದ ಬಿದ್ದುಹೋಗಿ ಕೇಬಲ್ಲಿನ ಎಳೆತ ಒಂದೇ ಉಳಿಯುತ್ತದೆ. ಎಂಬತ್ತು ಎರಡಲ ನೂರರವತ್ತು, ಅರವತ್ತು ನಾಲ್ಕಲ ಇನ್ನೂರ ನಲವತ್ತು, ಒಟ್ಟು ನಾನೂರು. ಇದನ್ನು ಎರಡು ಮೀಟರ್ ದೂರದಲ್ಲಿರುವ ಕೇಬಲ್ ತಡೆಯಬೇಕು. ಹಾಗಾಗಿ ಅದರ ಮೇಲ್ಮುಖ ಭಾಗ ಇನ್ನೂರು. ಪೂರ್ತಿ ಎಳೆತ ಸುಮಾರು ಇನ್ನೂರ ಎಂಬತ್ತಮೂರು.

"ಕೇಬಲ್ ಎರಡು ಸಾವಿರ ತಡೆಯುತ್ತೆ" ಎಂದ.

"ಒಪ್ಪಿದೆ. ಕೀಲು?"

"ಅಡ್ಡಕ್ಕೆ ಇನ್ನೂರು. ಕೇಬಲ್ ಬೀಮನ್ನ ಗೋಡೆಗೆ ಒತ್ತುತ್ತೆ, ಗೋಡೆ ವಾಪಸು ಹೊರಕ್ಕೆ ತಳ್ಳುತ್ತೆ. ಮೇಲಕ್ಕೆ…" ಬರೆಯುತ್ತಾ ಹೋದ. ಕೆಳಗೆ ಎಳೆಯುವ ಭಾರ ಒಟ್ಟು ನೂರ ನಲವತ್ತು, ಕೇಬಲ್ ಮೇಲಕ್ಕೆ ಎತ್ತುವುದು ಇನ್ನೂರು. ನೂರ ನಲವತ್ತರಲ್ಲಿ ಇನ್ನೂರು ಕಳೆದರೆ ಮೈನಸ್ ಅರವತ್ತು. ಒಂದು ಕ್ಷಣವೂ ನಿಲ್ಲದೆ ಇನ್ನೂರನ್ನೂ ಅರವತ್ತನ್ನೂ ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆದ. "ಒಟ್ಟು ಇನ್ನೂರ ಒಂಬತ್ತು. ಈ ಪಿನ್ನಿಗೆ ಇದು ಸೊಳ್ಳೆ ಕಚ್ಚಿದ ಹಾಗೆ." ಕೈ ಕೊಡವಿದ. ಚಾಕಿನ ಪುಡಿ ಅಂಗಿಯ ಮೇಲೆ ಬೀಳದ ಹಾಗೆ ದೂರ ಹಿಡಿದು ಕೊಡವಿದ.

"ವರ್ಗ ಮಾಡೋಕೆ ಮೊದಲು ಒಂದು ಮೈನಸ್ ಇತ್ತಲ್ಲ ಸಾರ್. ಅದು ಎಲ್ಲಿ ಹೋಯ್ತು?"

"ಮೈನಸ್ ಅಂದ್ರೆ ನಾವು ಅಂದ್ಕೊಂಡ ದಿಕ್ಕು ಉಲ್ಟಾ ಅಂತ ಅಷ್ಟೇ. ಬಲ ಏನೂ ಬದಲಾಗಲ್ಲ."

"ಉಲ್ಟಾ ಅಂದ್ರೆ ಯಾವ ಕಡೆ? ಹೇಳಿ."

"ಕೆಳಗೆ. ಕೀಲು ಬೀಮನ್ನ ಕೆಳಕ್ಕೆ ಎಳೀಬೇಕು, ಅರವತ್ತು ಕಿಲೋ…"

ಅತ್ತಿಗೆ ಎದ್ದು ಹೋಗಿ ಅವನ ಕೈಯಿಂದ ಚಾಕ್ ತೆಗೆದುಕೊಂಡು, ಅವನದೇ ನಕ್ಷೆಯಲ್ಲಿದ್ದ ಬ್ರಾಕೆಟ್ಟನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಳು. ಎರಡು ಕೆನ್ನೆ, ಮಧ್ಯೆ ಪಿನ್ನು ಕೂರುವ ತಗ್ಗು, ಮೇಲೆ ಖಾಲಿ.

"ಯಾವುದರಿಂದ ಎಳೆಯುತ್ತೆ ಸಾರ್?"

ತಪಾಸಣೆಯವರೊಬ್ಬರು ಕುರ್ಚಿಯಲ್ಲಿ ನೆಟ್ಟಗಾದರು. ದೊಡ್ಡ ಸಾಹೇಬರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. ಇಸ್ತ್ರಿ ಬೋರ್ಡನ್ನೇ ನೋಡುತ್ತಾ ನಿಂತ. ಮುಖದ ಬಣ್ಣ ಇಳಿಯುವುದು ಎನ್ನುತ್ತಾರಲ್ಲ, ಅದನ್ನು ನಾನು ಅವತ್ತು ಕಣ್ಣಾರೆ ಕಂಡೆ. ಕಂಡು ಹೊಟ್ಟೆ ತುಂಬಿತು.

"ಕೇಬಲ್ ತುದಿಗಿದ್ರೆ?" ಎಂದಳು. ಅವಳೇ ಬರೆದಳು. ನಾನೂರನ್ನು ನಾಲ್ಕು ಮೀಟರಿನಿಂದ ಭಾಗಿಸಿದರೆ ನೂರು. ಕೀಲಿಗೆ ಉಳಿಯುವುದು ನಲವತ್ತು, ಮೇಲ್ಮುಖವಾಗಿ. "ಆಗ ಬೀಮ್ ಕೂತಿರುತ್ತೆ. ಇದೇ ಬ್ರಾಕೆಟ್ ಸಾಕು. ಕೇಬಲ್ ಸರಿಸಿದ ದಿನ ಬ್ರಾಕೆಟ್ಟಿನ ಬಾಯಿ ಮುಚ್ಚಬೇಕಿತ್ತು. ಇಲ್ಲಿಯೂ. ಬಟ್ಟೆ ಗೋದಾಮಿನಲ್ಲಿಯೂ."

ಅವನು ಆಗ ಅವಳ ಮುಖ ನೋಡಿದ. ಮೊದಲ ಸಲ ನಿಜವಾಗಿ ನೋಡಿದ.

"ಅಲ್ಲಿ ಹಗ್ಗ ಹಿಡಿದು ನಿಂತಿದ್ದವರು ನನ್ನ ಗಂಡ. ಭಾರ ಹೆಚ್ಚು ಹಾಕಿದ ಅಂತ ಬರೆದವರು ನೀವು. ಇಷ್ಟು ಹೊತ್ತು ನೀವೇ ಮಾಡಿದ ಲೆಕ್ಕದಲ್ಲಿ ಭಾರ ಮಿತಿಯೊಳಗೇ ಇತ್ತಲ್ಲ ಸಾರ್. ಆದ್ರೂ ಬೀಮ್ ಎದ್ದಿತು."

ದೊಡ್ಡ ಸಾಹೇಬರು ಇದು ಪರವಾನಗಿ ಸಮಿತಿಗೆ ಹೋಗಲೇಬೇಕು, ಹಳೆಯ ಅಪಘಾತದ ವಿಚಾರಣೆಯೂ ಮತ್ತೆ ತೆರೆಯಬೇಕು ಎಂದರು. ಮೊಗಸಾಲೆಯಲ್ಲಿ ಇಸ್ತ್ರಿ ಅತ್ತಿಗೆಯ ಹಿಂದೆ ಬಂದ. ಗಟ್ಟಿ ದನಿ ಎಲ್ಲಿ ಹೋಗಿತ್ತೋ.

"ಮೇಡಂ, ಗೊತ್ತಿದ್ದು ಮಾಡಿದ್ದಲ್ಲ. ಹಳೇ ವರದಿ ತಪ್ಪು ಅಂತ ನಾನೇ ಬರೆದುಕೊಡ್ತೀನಿ. ಏನು ಮಾಡ್ಲಿ ಹೇಳಿ, ಮಾಡ್ತೀನಿ."

"ಬರೆಯೋದನ್ನ ಸಮಿತಿ ಮುಂದೆ ಬರೀರಿ. ನಮ್ಮತ್ತೆಗೆ ಓದು ಬರಲ್ಲ. ಅವರಿಗೆ ಹೇಳಿದ್ದು ಬಾಯಲ್ಲಿ. ನಾಳೆ ಸಂಜೆ ಮನೆಗೆ ಬನ್ನಿ."

ಹೋಗಿ ಬಂದರೆ ಇವಳ ಮನಸ್ಸು ಕರಗಬಹುದು ಎಂದು ಅವನು ಅಂದುಕೊಂಡಿರಬೇಕು. ಕರಗುತ್ತದೆ ಎಂದು ಅತ್ತಿಗೆ ಹೇಳಲಿಲ್ಲ. ಮಾರನೆಯ ದಿನ ಬೆಳಿಗ್ಗೆಯೇ ಅವನ ಫೈಲಿಗೆ ನಾನೇ ನಂಬರು ಹಾಕಿ ಸಮಿತಿಗೆ ಕಳಿಸಿದೆ. ಆ ಮುದ್ರೆಯ ಸದ್ದು ಪಕ್ಕದ ಕೋಣೆಗೂ ಕೇಳಿಸಿತಂತೆ.

ಸಂಜೆ ಅವನು ಬಂದ. ಅಮ್ಮ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಯಾರು ಎಂದು ಅತ್ತಿಗೆ ಹೇಳಿದಳು. ಅಮ್ಮ ಕಾಲು ನಿಲ್ಲಿಸಿದಳು, ಆದರೆ ಏಳಲಿಲ್ಲ. ಕುರ್ಚಿಯನ್ನು ಯಾರೂ ಎಳೆದುಕೊಡಲಿಲ್ಲ. ನೀರು ಬೇಕಾ ಎಂದು ಯಾರೂ ಕೇಳಲಿಲ್ಲ. ನಾನಂತೂ ಒಲೆ ಹಚ್ಚದೆ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಿದ್ದೆ.

"ಅಮ್ಮಾ, ಅವತ್ತು ನಾನು ಹೇಳಿದ್ದು ತಪ್ಪು. ನಿಮ್ಮ ಮಗ ಭಾರ ಹೆಚ್ಚು ಹಾಕಿರಲಿಲ್ಲ. ಆತುರಾನೂ ಪಟ್ಟಿರಲಿಲ್ಲ. ಬ್ರಾಕೆಟ್ಟು ನಂದು. ತಪ್ಪು ನಂದು" ಎಂದ.

ಅಮ್ಮ ಅವನ ಅಂಗಿಯ ಕಾಲರನ್ನು ನೋಡಿದಳು.

"ಬಾಯಲ್ಲಿ ಅವತ್ತೂ ಹೇಳ್ದೆ. ಇವತ್ತೂ ಹೇಳ್ತಿದ್ದೀಯ. ಯಾವ್ದನ್ನ ನಂಬ್ಲಪ್ಪಾ ನಾನು? ನನ್ನ ಸೊಸೆ ಒಂದ್ಸಲ ಅಲ್ಲಿ ಏನೋ ಕಟ್ಟಿ ತೋರಿಸಿದ್ಲು. ನೀನು ತೋರ್ಸು."

ಹಲಗೆಯ ಕೊಕ್ಕೆಗಳು ಹಾಗೆಯೇ ಇದ್ದವು. ಅತ್ತಿಗೆ ಅಳತೆಪಟ್ಟಿ, ದಬ್ಬಳ, ದಾರ ಎಲ್ಲ ತಂದು ಮೇಜಿನ ಮೇಲಿಟ್ಟು ದೂರ ಸರಿದಳು. ಅವನು ಕಟ್ಟಿದ. ಗಂಟು ಎರಡು ಸಲ ಬಿಚ್ಚಿಹೋಯಿತು. ಮೊದಲು ತುದಿಗೆ ದಾರ ಕಟ್ಟಿ ಕತ್ತರಿ ತೂಗುಹಾಕಿದ, ನಿಂತಿತು. ಆಮೇಲೆ ದಾರ ಮಧ್ಯಕ್ಕೆ ಕಟ್ಟಿ ಕತ್ತರಿ ತೂಗುಹಾಕಿದ. ಅದೇ ಕತ್ತರಿ. ಗೋಡೆ ಕಡೆಯ ತುದಿ ಹಾರಿತು, ಪಟ್ಟಿ ತಿರುಗಿ ನೇತಾಡಿತು, ಕತ್ತರಿ ಠಣ್ಣೆಂದು ನೆಲಕ್ಕೆ ಬಿತ್ತು.

"ಭಾರ ಅದೇನೇ?" ಎಂದಳು ಅಮ್ಮ.

"ಅದೇ ಅಮ್ಮಾ."

"ದಾರ ಜಾಗ ಬದಲಾಯಿಸಿದ್ದು ಯಾರು?"

"ನಾನು."

ಅಮ್ಮ ಎದ್ದು ಗೋಡೆಯಿಂದ ಅಣ್ಣನ ಫೋಟೋ ತೆಗೆದಳು. ಸೆರಗಿನಲ್ಲಿ ಒರೆಸಿದಳು, ಈ ಸಲ ಬೈಯಲಿಲ್ಲ. ಮೇಜಿನ ಮೇಲೆ, ಹಲಗೆ ಕಾಣುವ ಹಾಗೆ, ಬಟ್ಟೆಯ ಥಾನಿಗೆ ಒರಗಿಸಿ ನಿಲ್ಲಿಸಿದಳು. ತಾನೂ ಅದರ ಪಕ್ಕ ಕೂತಳು.

"ಇನ್ನೊಂದ್ಸಲ ತೋರ್ಸು" ಎಂದಳು.

ಅವನು ಕಟ್ಟಿದ. ಬಿತ್ತು.

"ಇನ್ನೊಂದ್ಸಲ."

ಅವನ ಅಂಗಿಯ ಬೆನ್ನು ಒದ್ದೆಯಾಗಿ ಮೈಗೆ ಅಂಟಿತ್ತು, ಗರಿಯೆಲ್ಲ ಸತ್ತಿತ್ತು. "ಅಮ್ಮಾ, ಒಪ್ಪಿಕೊಂಡ್ನಲ್ಲ, ನಿಮ್ಮ ಮಗನದೇನೂ ತಪ್ಪಿಲ್ಲ" ಎಂದ. ದನಿ ಅಳುವವನ ಹಾಗಿತ್ತು.

"ಕೇಳ್ತು. ಇಷ್ಟು ವರ್ಷ ದಿನಾ ಬೈದಿದ್ದೀನಿ ನಾನು ಇವ್ನನ್ನ. ಇನ್ನೊಂದ್ಸಲ ತೋರ್ಸು."

ಅತ್ತಿಗೆ ಬಗ್ಗಿ ನೆಲದಿಂದ ಕತ್ತರಿ ಎತ್ತಿ ಅವನ ಕೈಗೆ ಕೊಟ್ಟಳು.